ಮೈಲಾರಿ ಮೇಷ್ಟ್ರು ಅಡಗಿಸಿದ ಆಕೃತಿಗಳು

ಸವಳಂಗದಿಂದ ಒಳಗಡೆ, ಮುಖ್ಯರಸ್ತೆ ಬಿಟ್ಟು ಸ್ವಲ್ಪ ದೂರ ಹೋದರೆ ಸಿಗುವ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮೈಲಾರಿ ಚಿತ್ರಕಲಾ ಶಿಕ್ಷಕರು. ಹುಡುಗರ ಬಾಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಹೊನ್ನಾಳಿಯಲ್ಲಿ ಮನೆ. ದಿನಾ ಬೆಳಿಗ್ಗೆ ಹಳೇ ಬೈಕಿನ ಹಿಂದೆ ಒಂದು ಉದ್ದನೆಯ ಸ್ಕೇಲು ಕಟ್ಟಿಕೊಂಡು ನ್ಯಾಮತಿ ದಾಟಿ ಬರುತ್ತಾರೆ. ಆ ಸ್ಕೇಲನ್ನು ಶಾಲೆಯಲ್ಲೇ ಬಿಟ್ಟುಹೋಗಿ ಅಂದರೆ ಒಪ್ಪುವುದಿಲ್ಲ; ಮನೆಯಲ್ಲೂ ಬೇಕು ಅನ್ನುತ್ತಾರೆ.

ಹುಟ್ಟಿದ್ದು ಜಗಳೂರಿನಲ್ಲಿ. ಹತ್ತನೇ ಕ್ಲಾಸು ಮುಗಿದ ಮೇಲೆ ಬೋರ್ಡು ಬರೆಯುವವರ ಹತ್ತಿರ ಸೇರಿಕೊಂಡಿದ್ದರು. ಕಿರಾಣಿ ಅಂಗಡಿ, ಹೋಟೆಲು, ಲಾರಿಯ ಹಿಂಭಾಗ, ಸೊಸೈಟಿ ಗೋಡೆ, ಎಲ್ಲ ಕಡೆ ಅವರ ಅಕ್ಷರವಿತ್ತು. ಆಮೇಲೆ ಫ್ಲೆಕ್ಸ್ ಬಂತು. ಕುಂಚ ಹಿಡಿದವರೆಲ್ಲ ಒಬ್ಬೊಬ್ಬರಾಗಿ ಬೇರೆ ದಾರಿ ನೋಡಿಕೊಂಡರು. ಮೈಲಾರಿ ದಾವಣಗೆರೆಗೆ ಹೋಗಿ ಚಿತ್ರಕಲೆಯ ಕೋರ್ಸು ಮಾಡಿಕೊಂಡರು. ಕೆಲಸ ಸಿಗುವ ಹೊತ್ತಿಗೆ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಮೊದಲು ಉಬ್ರಾಣಿ ಕಡೆ ಕೆಲಸ, ಆಮೇಲೆ ಈ ಶಾಲೆ.

ಡ್ರಾಯಿಂಗ್ ಪೀರಿಯಡ್ಡಿಗೆ ಶಾಲೆಗಳಲ್ಲಿ ಎಷ್ಟು ಬೆಲೆ ಅಂತ ಎಲ್ಲರಿಗೂ ಗೊತ್ತು. ಗಣಿತದ ಪಾಠ ಉಳಿದರೆ ಅದನ್ನೇ ಕೇಳುತ್ತಾರೆ, ಪರೀಕ್ಷೆ ಹತ್ತಿರ ಬಂದರೆ ಅದನ್ನೇ ತೆಗೆದುಕೊಳ್ಳುತ್ತಾರೆ. ಮೈಲಾರಿ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ತಗೊಳ್ರಿ, ನಾನು ಗೋಡೆ ಮೇಲೆ ನಕ್ಷೆ ಬರೀತೀನಿ," ಅಂತ ಬಣ್ಣದ ಡಬ್ಬಿ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದರು.

ಒಂದು ವರ್ಷ ಮುಖ್ಯೋಪಾಧ್ಯಾಯಿನಿ ಸರ್ವಮಂಗಳಮ್ಮ ಅವರನ್ನು ಕರೆದು ಒಂದು ಕೆಲಸ ಹೇಳಿದರು. ಎಂಟನೇ ಕ್ಲಾಸಿನ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆ ಇರುತ್ತದಲ್ಲ, ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವುದಕ್ಕೆ ನಡೆಸುವ ಪರೀಕ್ಷೆ, ಅದಕ್ಕೆ ತಯಾರಿ. ಅದರಲ್ಲಿ ಒಂದು ಪತ್ರಿಕೆ ಪೂರ್ತಿ ಬುದ್ಧಿಶಕ್ತಿಯ ಪ್ರಶ್ನೆಗಳು.

"ಸಂಖ್ಯೆ, ಅಕ್ಷರ, ಸಂಕೇತ ಇವೆಲ್ಲ ಗಣಿತದವರು ನೋಡ್ಕೊಂತಾರೆ ಮೇಷ್ಟ್ರೇ. ಚಿತ್ರದ ಪ್ರಶ್ನೆ ಮಾತ್ರ ನೀವು ತಗೊಳ್ರಿ. ಅದ್ರಾಗೂ ಈ ಅಡಗಿದ ಆಕೃತಿ ಅಂತ ಒಂದು ಬರ್ತೈತೆ. ನಮ್ಮ ಮಕ್ಕಳು ಅಲ್ಲೇ ಸುಮ್ನೆ ಯಾವುದೋ ಒಂದಕ್ಕೆ ಗುರುತು ಹಾಕಿ ಬರ್ತಾವೆ."

ಮೈಲಾರಿ ಹಳೇ ಪ್ರಶ್ನೆಪತ್ರಿಕೆ ತಿರುವಿ ನೋಡಿದರು. ಎಡಗಡೆ ಗೆರೆಗಳು ಒಂದರ ಮೇಲೊಂದು ಹಾದುಹೋದ ಒಂದು ಗೋಜಲು ಚಿತ್ರ. ಬಲಗಡೆ ನಾಲ್ಕು ಸಣ್ಣ ಆಕೃತಿ. ಈ ನಾಲ್ಕರಲ್ಲಿ ಯಾವುದು ಆ ಗೋಜಲಿನೊಳಗೆ ಅಡಗಿದೆ, ಇಷ್ಟೇ ಪ್ರಶ್ನೆ. ಅವರಿಗೆ ಒಳಗೊಳಗೇ ಖುಷಿಯಾಯಿತು. ಜೀವಮಾನವೆಲ್ಲ ಗೆರೆಯ ಜೊತೆಗೇ ಕಳೆದವರು. ಮೊದಲ ಸಲ ಅವರ ಪಾಠಕ್ಕೂ ಒಂದು ಪರೀಕ್ಷೆ ಸಿಕ್ಕಿತ್ತು.

ಆವತ್ತಿಂದ ಸಂಜೆ ಮನೆಗೆ ಬಂದ ಕೂಡಲೇ ಹಾಳೆ ಹಾಸಿಕೊಂಡು ಪ್ರಶ್ನೆ ಬರೆಯಲು ಶುರುಮಾಡಿದರು. ಹೆಂಡತಿ ಶಂಕ್ರಮ್ಮ ಅದೇ ಕೋಣೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದರು.

"ಇದನ್ನ ಹೆಂಗೆ ಅಡಗಿಸ್ತೀರಿ?" ಅಂತ ಶಂಕ್ರಮ್ಮ ಕೇಳಿದರು.

"ಮೊದ್ಲು ಉತ್ತರ ಬರ್ಕೊಬೇಕು. ಇಲ್ಲಿ ನೋಡು, ಈ ತ್ರಿಕೋನ. ಆಮೇಲೆ ಅದರ ಬದಿಗಳನ್ನೇ ಮುಂದಕ್ಕೆ ಎಳೀಬೇಕು. ಗೆರೆ ಮುಂದಕ್ಕೆ ಹೋಯ್ತು ಅಂದ್ರೆ ಕಣ್ಣೂ ಅದರ ಹಿಂದೇನೇ ಹೋಗ್ತೈತೆ, ತ್ರಿಕೋನದ ಮೂಲೇಲಿ ನಿಲ್ಲಲ್ಲ. ಉಳಿದ ಮೂರು ಆಕೃತಿ ಅದ್ರಂಗೇ ಇರ್ಬೇಕು, ಆದ್ರೆ ಒಂದರಾಗೆ ಮೂಲೆ ಸ್ವಲ್ಪ ಅಗಲ, ಇನ್ನೊಂದರಾಗೆ ಒಂದು ಬದಿ ಗಿಡ್ಡ."

ಶಂಕ್ರಮ್ಮ ಹಾಳೆ ತಗೊಂಡು ನೋಡಿ, ಸ್ವಲ್ಪ ಹೊತ್ತಿಗೆ ಬೆರಳಿಟ್ಟರು. "ಇದು. ರವಿಕೆ ಬಗಲಿಗೆ ಹಚ್ಚೋ ತುಂಡು ಇದ್ದಂಗೆ ಐತೆ."

ಮೈಲಾರಿ ನಕ್ಕು ಇನ್ನೆರಡು ಗೆರೆ ಸೇರಿಸಿದರು.

ಶಾಲೆ ಬಿಟ್ಟ ಮೇಲೆ ನಡೆಯುವ ಆ ತರಗತಿಗೆ ಎಂಟನೇ ಕ್ಲಾಸಿನ ಕೆಲವು ಮಕ್ಕಳು ನಿಲ್ಲುತ್ತಿದ್ದರು. ಮೇಷ್ಟ್ರು ಮೊದಲ ದಿನವೇ ನಿಯಮ ಹೇಳಿಕೊಟ್ಟರು.

"ಗೋಜಲು ಚಿತ್ರದಾಗೆ ಹೆಚ್ಚಿನ ಗೆರೆ ಎಷ್ಟಾದ್ರೂ ಇರ್ಲಿ, ತಲೆ ಕೆಡಿಸ್ಕೋಬೇಡ್ರಿ. ಆದ್ರೆ ನೀವು ಆರಿಸೋ ಆಕೃತಿಯ ಒಂದು ಗೆರೆನೂ ಅಲ್ಲಿ ಕಮ್ಮಿ ಆಗಬಾರದು. ಅಳತೆ ಅಷ್ಟೇ ಇರ್ಬೇಕು. ಮುಖ ಯಾವ ಕಡೆ ಐತೋ ಅದೇ ಕಡೆ ಇರ್ಬೇಕು, ತಿರುಗಿಸಿ ಮಗುಚಿ ಹೊಂದಿಸೋ ಹಂಗಿಲ್ಲ. ಪೂರ್ತಿ ಆಕೃತಿ ಹುಡುಕಾಕೆ ಹೋಗಬೇಡ್ರಿ. ಅದರಾಗೆ ವಿಶೇಷವಾಗಿರೋ ಒಂದು ಮೂಲೆ ಹಿಡ್ಕೊಳ್ರಿ, ಆ ಮೂಲೆ ಚಿತ್ರದಾಗೆ ಎಲ್ಲೈತೆ ಅಂತ ನೋಡ್ರಿ. ಅಲ್ಲಿಂದ ಒಂದೊಂದೇ ಗೆರೆ ನಡ್ಕೊಂತ ಹೋಗ್ರಿ. ದಾರಿ ಕಡಿದೋಯ್ತು ಅಂದ್ರೆ ಆ ಆಕೃತಿ ಬಿಡ್ರಿ."

ಹಾಳೆ ತಿರುಗಿಸಬೇಡಿ ಅಂತಲೂ ಹೇಳಿದ್ದರು. ಕೆಲವು ಮಕ್ಕಳು ಹಾಳೆಯನ್ನು ಅತ್ತ ಇತ್ತ ತಿರುಗಿಸುತ್ತಾ ಯಾವ ಆಕೃತಿಯ ಮುಖ ಯಾವ ಕಡೆ ಇತ್ತು ಅನ್ನುವುದನ್ನೇ ಮರೆತುಬಿಡುತ್ತಿದ್ದರು.

ಆ ಮಕ್ಕಳಲ್ಲಿ ಚುರುಕು ಅಂದರೆ ಅಕ್ಷಿತಾ. ಮೇಷ್ಟ್ರು ಹಾಳೆ ಕೊಟ್ಟು ಹಿಂತಿರುಗುವುದರೊಳಗೆ ಉತ್ತರ ಹೇಳುತ್ತಿದ್ದಳು. ಅವಳ ಪಕ್ಕ ಕೂರುತ್ತಿದ್ದವಳು ಸಂಘಮಿತ್ರಾ. ತಾಯಿ ಅನಿತಾ ಅಂಗನವಾಡಿಯಲ್ಲಿ ಸಹಾಯಕಿ, ತಂದೆ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಮನೆಯಲ್ಲಿ ಬುದ್ಧನ ಫೋಟೋ ಇಟ್ಟುಕೊಂಡವರು. ಮಗಳಿಗೆ ಆ ಹೆಸರನ್ನು ಅಜ್ಜ ಹುಡುಕಿ ಇಟ್ಟಿದ್ದಂತೆ. ಸಂಘಮಿತ್ರಾ ಮಾತು ಕಮ್ಮಿ. ಸಂಖ್ಯೆಯ ಸರಣಿ, ಸಂಕೇತ, ರಕ್ತಸಂಬಂಧದ ಪ್ರಶ್ನೆ, ಇವುಗಳಲ್ಲಿ ಅಕ್ಷಿತಾಳಿಗಿಂತ ಒಂದು ಕೈ ಮೇಲೆ. ಆದರೆ ಅಡಗಿದ ಆಕೃತಿ ಬಂದಾಗ ತಪ್ಪೇ ತಪ್ಪು. ನಡೆಯುವಾಗ ಎಡವುತ್ತಾಳೆ, ಶಾಲೆಯ ಮೆಟ್ಟಿಲು ಇಳಿಯುವಾಗ ಅಕ್ಷಿತಾಳ ಕೈ ಹಿಡಿದುಕೊಳ್ಳುತ್ತಾಳೆ, ತಂಬಿಗೆ ಇಟ್ಟರೆ ಕಟ್ಟೆಯ ಅಂಚಿಗೇ ಇಡುತ್ತಾಳೆ. ಹುಡುಗಿಯರು ಎಡವಟ್ಟು ಅಂತ ರೇಗಿಸುತ್ತಿದ್ದರು. ಅವಳೂ ನಗುತ್ತಿದ್ದಳು.

ಮೊದಮೊದಲು ಮೈಲಾರಿ ಅಂದುಕೊಂಡಿದ್ದು, ಇವಳಿಗೆ ಇದು ರೂಢಿಯಾಗಿಲ್ಲ ಅಂತ. ಹೆಚ್ಚು ಹಾಳೆ ಕೊಟ್ಟರು. ತಪ್ಪು ಕಡಿಮೆಯಾಗಲಿಲ್ಲ. ನಿಧಾನ ಮಾಡು ಅಂದರು. ನಿಧಾನವಾಗಿಯೇ ತಪ್ಪು ಮಾಡಿದಳು. ಗಣಿತದವರು ಒಂದು ದಿನ, "ಆ ಪ್ರಶ್ನೆ ಬಿಟ್ಟುಬಿಡು, ಉಳಿದದ್ದು ಮಾಡ್ಕೊಂಡು ಬಾ ಅಂತ ಹೇಳ್ರಿ ಸಾರ್. ಎಲ್ಲಾರಿಗೂ ಎಲ್ಲಾ ಬರಲ್ಲ," ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಬಾಗಿಲಲ್ಲಿ ನಿಂತಿದ್ದ ಸಂಘಮಿತ್ರಾ ಅದನ್ನು ಕೇಳಿಸಿಕೊಂಡಳು.

ಮಾರನೇ ದಿನ ಅವಳು ತರಗತಿಗೆ ನಿಲ್ಲಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಮೈಲಾರಿ ಮನೆಗೆ ಹೋಗುವ ದಾರಿಯಲ್ಲಿ ಅಂಗನವಾಡಿ ಹತ್ತಿರ ಬೈಕು ನಿಲ್ಲಿಸಿದರು. ಅನಿತಾ ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದರು.

"ಬೇಡ ಬಿಡ್ರಿ ಸಾರ್," ಅಂದರು ಆಕೆ. "ಅವ್ಳಿಗೆ ಅದೊಂದು ತಲೆಗೆ ಹತ್ತಲ್ವಂತೆ. ಮನ್ಯಾಗೂ ಹಂಗೇ ಸಾರ್, ಹೊಸ್ಲು ದಾಟುವಾಗ ಎಡವ್ತಾಳೆ. ಗಮನನೇ ಇರಲ್ಲ. ಬೈದು ಬೈದು ನನಗೇ ಸಾಕಾಗೈತೆ. ಒಂದೊಂದು ಸಲ ಬೈದಿದ್ದಕ್ಕೆ ನನಗೇ ಅಳು ಬರ್ತೈತೆ."

"ಗಮನ ಇಲ್ಲದ ಹುಡುಗಿ ಅಲ್ಲಮ್ಮ ಅದು," ಅಂದರು ಮೈಲಾರಿ. "ಅಷ್ಟು ದೊಡ್ಡ ಸರಣಿ ಬಾಯಾಗೇ ಲೆಕ್ಕ ಹಾಕಿ ಹೇಳ್ತಾಳೆ. ನಾಳೆ ಕಳಿಸ್ರಿ. ನಾನು ಬೈಯಲ್ಲ."

ಸಂಘಮಿತ್ರಾ ಬಂದಳು. ಮೇಷ್ಟ್ರು ಆವತ್ತು ಉಳಿದವರಿಗೆ ಹಾಳೆ ಕೊಟ್ಟು, ಇವಳನ್ನು ಕಿಟಕಿ ಪಕ್ಕ ಕೂರಿಸಿಕೊಂಡು, ಅವಳು ಈವರೆಗೆ ಮಾಡಿದ ಹಾಳೆಗಳನ್ನೆಲ್ಲ ಮುಂದೆ ಹರಡಿದರು. ಆ ಪ್ರಶ್ನೆಗಳನ್ನು ಬರೆದವರು ಅವರೇ. ಯಾವ ತಪ್ಪು ಉತ್ತರವನ್ನು ಯಾಕೆ ಇಟ್ಟೆ ಅನ್ನುವುದು ಅವರಿಗೆ ನೆನಪಿತ್ತು. ಸಾಮಾನ್ಯವಾಗಿ ಮಕ್ಕಳು ಗಿಡ್ಡ ಬದಿಗೋ, ಮಗುಚಿದ ಆಕೃತಿಗೋ ಮೋಸಹೋಗುತ್ತಾರೆ. ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ. ಇವಳ ತಪ್ಪುಗಳನ್ನು ಒಟ್ಟಿಗೆ ನೋಡಿದಾಗ ಮೈಲಾರಿಗೆ ಏನೋ ವಿಚಿತ್ರ ಅನ್ನಿಸಿತು. ಸರಿಯಾದ ಉತ್ತರದಲ್ಲಿ ಅಡ್ಡಗೆರೆ ಇದ್ದ ಕಡೆಯೆಲ್ಲ ತಪ್ಪು. ನೆಟ್ಟಗೆ ನಿಂತ ಗೆರೆ, ಓರೆ ಗೆರೆ ಇಷ್ಟರಿಂದಲೇ ಆದ ಆಕೃತಿಗಳು ಬಹುಪಾಲು ಸರಿ.

ಒಂದು ಹಾಳೆ ತೆಗೆದು ಅವಳ ಮುಂದೆ ಇಟ್ಟರು. ದಪ್ಪ ಪೆನ್ನಿನಲ್ಲಿ ಬರೆದ ಒಂದು ಚೌಕ. ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಓರೆ ಗೆರೆ, ನಟ್ಟನಡುವೆ ಎಡದಿಂದ ಬಲಕ್ಕೆ ಒಂದು ಅಡ್ಡಗೆರೆ. ಒಳಗಿನ ಗೆರೆಗಳೆಲ್ಲ ಸಣ್ಣ ಮೊನೆಯ ಪೆನ್ನಿನವು. ಉತ್ತರ, ಚೌಕದ ಎಡಬದಿಯ ಮೇಲರ್ಧ, ಅಡ್ಡಗೆರೆಯ ಎಡ ಅರ್ಧ ಮತ್ತು ಒಂದು ಓರೆ ಗೆರೆಯ ಅರ್ಧ ಸೇರಿ ಆಗುವ ಸಣ್ಣ ತ್ರಿಕೋನ.

"ಇದರಾಗೆ ಏನೇನು ಗೆರೆ ಐತೆ, ಹೇಳು ನೋಡಾಣ. ಉತ್ತರ ಬೇಡ."

"ಚೌಕ ಐತೆ ಸಾರ್. ಒಳಗೆ ಎರಡು ಓರೆ ಗೆರೆ."

"ಇನ್ನ?"

ಹುಡುಗಿ ಕಣ್ಣು ಕಿರಿದು ಮಾಡಿ ನೋಡಿದಳು. "ಅಷ್ಟೇ ಸಾರ್."

ಮೈಲಾರಿ ಹಾಳೆಯನ್ನು ಮತ್ತೊಮ್ಮೆ ನೋಡಿದರು. ನಡುವಿನ ಅಡ್ಡಗೆರೆ ಅವರ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದೂ ಓರೆ ಗೆರೆಗಳಷ್ಟೇ ದಪ್ಪ. "ಮೊನ್ನೆ ಯಾವುದನ್ನ ಆರಿಸಿದ್ದೆ?" ಅಂತ ಕೇಳಿದರು. ಅವಳು ಎಡಗಡೆಯ ಉದ್ದನೆಯ ತ್ರಿಕೋನವನ್ನು ತೋರಿಸಿದಳು. ಅದರ ತುದಿ ಚೌಕದ ನಡುಮಧ್ಯಕ್ಕೆ ಮುಟ್ಟದೆ ಮೊದಲೇ ನಿಲ್ಲುತ್ತಿತ್ತು.

"ತುದಿ ಸರಿ ಹೊಂದಲ್ಲ ಅಂತ ಗೊತ್ತಿತ್ತು ಸಾರ್," ಅಂದಳು ಮೆಲ್ಲಗೆ. "ಆದ್ರೆ ಉಳಿದವು ಇಲ್ಲವೇ ಇಲ್ಲ. ಅದ್ಕೇ ಇದನ್ನ ಬರ್ದೆ."

ಆಮೇಲೆ ತಲೆ ತಗ್ಗಿಸಿ, ತಪ್ಪು ಒಪ್ಪಿಕೊಳ್ಳುವವಳ ಹಾಗೆ, ಇನ್ನೊಂದು ಮಾತು ಹೇಳಿದಳು.

"ಸಾರ್, ಹಾಳೆ ತಿರುಗಿಸಬಾರ್ದು ಅಂದಿದ್ರಿ. ನಾನು ಒಂದೊಂದು ಸಲ ಕದ್ದು ತಿರುಗಿಸ್ತೀನಿ. ತಿರುಗಿಸಿದ್ರೆ ಹೊಸ ಗೆರೆ ಬರ್ತೈತೆ. ಆದ್ರೆ ಇದ್ದ ಗೆರೆ ಹೋಗ್ತೈತೆ. ಅದ್ಕೇ ಇನ್ನೂ ಗೊಂದಲ ಆಗ್ತೈತೆ."

ಮೈಲಾರಿ ಹಾಳೆಯನ್ನು ತಾವೇ ಕಾಲುಭಾಗ ತಿರುಗಿಸಿ ಅವಳ ಮುಂದೆ ಇಟ್ಟರು. ಈಗ ಆ ಅಡ್ಡಗೆರೆ ನೆಟ್ಟಗೆ ನಿಂತಿತ್ತು.

"ಈಗ ನೋಡು."

"ನಡುವೆ ಒಂದು ಗೆರೆ ಬಂತು ಸಾರ್." ಅವಳ ಬೆರಳು ತಾನಾಗಿ ಸಣ್ಣ ತ್ರಿಕೋನದ ಮೇಲೆ ಹೋಯಿತು. "ಇದು. ಮೂರನೇದು. ಇಲ್ಲೈತೆ."

ಚಿತ್ರ ತಿರುಗಿದಾಗ ಅದರ ಜೊತೆ ನಾಲ್ಕು ಆಕೃತಿಗಳೂ ತಿರುಗಿದ್ದವು; ಹಾಗಾಗಿ ಉತ್ತರ ಬದಲಾಗಲು ಕಾರಣವೇ ಇರಲಿಲ್ಲ. ಬದಲಾಗಿದ್ದು ಅವಳಿಗೆ ಕಾಣುವ ಗೆರೆ ಮಾತ್ರ. ಮೈಲಾರಿ ಇನ್ನೊಂದು ಹಾಳೆ ಇಟ್ಟು ಹಾಗೇ ಮಾಡಿದರು, ಮತ್ತೊಂದು ಇಟ್ಟರು. ಪ್ರತಿ ಸಲವೂ ಮಲಗಿದ ಸಣ್ಣ ಗೆರೆ ಅವಳಿಗೆ ಇಲ್ಲ, ನಿಲ್ಲಿಸಿದರೆ ಉಂಟು.

"ಮಗ, ನಿನಗೆ ಬುದ್ಧಿ ಕಮ್ಮಿ ಅಲ್ಲ," ಅಂದರು. "ಕಣ್ಣು ತೋರಿಸ್ಬೇಕು. ಕಣ್ಣಿಗೆ ಏನೋ ಐತೆ."

"ನಂಗೆ ಕಣ್ಣು ಚೆನ್ನಾಗೇ ಕಾಣ್ತವೆ ಸಾರ್," ಅಂದಳು ಹುಡುಗಿ. ಹುಟ್ಟಿದಾಗಿನಿಂದ ಹಾಗೇ ನೋಡಿದವಳು. ಬೇರೆಯವರಿಗೆ ಹೇಗೆ ಕಾಣುತ್ತದೆ ಅಂತ ಅವಳಿಗೆ ಗೊತ್ತಾಗುವುದಾದರೂ ಹೇಗೆ?

ಅನಿತಾ ಮೊದಲು ನಂಬಲಿಲ್ಲ. ಶಾಲೆಯಲ್ಲಿ ಕಣ್ಣು ತಪಾಸಣೆ ಆದ ದಿನ ಹುಡುಗಿ ಜ್ವರ ಬಂದು ಮಲಗಿದ್ದಳು. ಅದು ಬಿಟ್ಟರೆ ಯಾರಿಗೂ ಅನುಮಾನ ಬಂದಿರಲಿಲ್ಲ. ಪುಸ್ತಕ ಓದುತ್ತಾಳೆ, ಬೋರ್ಡು ಕಣ್ಣು ಕಿರಿದು ಮಾಡಿ ಓದುತ್ತಾಳೆ. ಮೈಲಾರಿ ಅಂಗನವಾಡಿಯ ಬಾಗಿಲಲ್ಲೇ ಹಾಳೆ ಹಿಡಿದು, ಮಗಳನ್ನು ನಿಲ್ಲಿಸಿ, ಒಂದು ಸಲ ನೇರ, ಒಂದು ಸಲ ತಿರುಗಿಸಿ ತೋರಿಸಿದರು. ಮಗಳು ಒಮ್ಮೆ ಇಲ್ಲ ಅಂದಿದ್ದನ್ನು ಇನ್ನೊಮ್ಮೆ ಇದೆ ಅನ್ನುವುದನ್ನು ತಾಯಿ ನೋಡಿದರು. ಆಮೇಲೆ ಕೇಳಿದರು, "ಹಂಗಾದ್ರೆ ಹೊಸ್ಲು?"

"ಹೊಸ್ಲೂ ಅಡ್ಡಗೆರೆನೇ ಅಲ್ವೇನಮ್ಮ. ಮೆಟ್ಟಿಲ ಅಂಚೂ ಅಷ್ಟೇ."

ಅನಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದರು. ಮಗಳು ಹತ್ತಿರ ಬಂದು, "ಯಾಕಮ್ಮ, ನನಗೇನೂ ನೋವಿಲ್ಲಲ್ಲ," ಅಂದಳು.

ಶನಿವಾರ ಶಾಲೆ ಮುಗಿದ ಮೇಲೆ ಮೂವರೂ ಹೊನ್ನಾಳಿಯ ಆಸ್ಪತ್ರೆಗೆ ಹೋದರು. ತಾಯಿ ಮಗಳು ಬಸ್ಸಿನಲ್ಲಿ, ಮೇಷ್ಟ್ರು ಬೈಕಿನಲ್ಲಿ. ಕಣ್ಣಿನ ವಿಭಾಗದಲ್ಲಿ ಮುತ್ತುರಾಜ್ ಅಂತ ಒಬ್ಬ ನೇತ್ರ ತಪಾಸಣಾಧಿಕಾರಿ ಇದ್ದರು. ಮೈಲಾರಿ ತಾವು ಕಂಡದ್ದನ್ನು ಹೇಳಿ ಹಾಳೆಗಳನ್ನು ಮುಂದಿಟ್ಟರು. ಮುತ್ತುರಾಜ್ ಹಾಳೆ ತಿರುಗಿಸಿ ನೋಡಿ, "ಇದನ್ನ ನೀವು ಚಿತ್ರದ ಪಾಠದಾಗೆ ಕಂಡುಹಿಡಿದ್ರಾ?" ಅಂತ ಕೇಳಿ, ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡರು.

ಮೊದಲು ಅಕ್ಷರದ ಫಲಕ ಓದಿಸಿದರು. ಆಮೇಲೆ ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲೆ ಇನ್ನೊಂದು ಫಲಕ ಹಾಕಿದರು. ಗಡಿಯಾರದ ಅಂಕಿಗಳ ಕಡೆಗೆ ನಡುವಿನಿಂದ ಗೆರೆಗಳು ಹೊರಟಿದ್ದ ಫಲಕ ಅದು. ಎಲ್ಲ ಗೆರೆಗಳೂ ಒಂದೇ ಕಪ್ಪು, ಒಂದೇ ದಪ್ಪ.

"ಎಲ್ಲಾ ಗೆರೆ ಒಂದೇ ಥರ ಕಾಣ್ತಾವೇನವ್ವ?"

"ಇಲ್ಲ ಸಾರ್. ಹನ್ನೆರಡು, ಆರು ಹತ್ರ ಕಪ್ಪಗೈತೆ. ಮೂರು, ಒಂಬತ್ತರ ಕಡೆ ಅಳಿಸಿದಂಗೆ ಐತೆ."

ಇನ್ನೊಂದು ಕಣ್ಣಿಗೂ ಹೆಚ್ಚುಕಡಿಮೆ ಹಾಗೇ. ಕಣ್ಣಿಗೆ ಔಷಧಿ ಬಿಟ್ಟು, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಪರೀಕ್ಷೆ ಮಾಡಿ, ಪರೀಕ್ಷೆಯ ಚೌಕಟ್ಟು ಮೂಗಿನ ಮೇಲೆ ಇಟ್ಟು ಅದರಲ್ಲಿ ಗಾಜು ಹಾಕಿ ನಿಧಾನ ತಿರುಗಿಸಿದರು. ಒಂದು ಕಡೆ ಬಂದಾಗ ಹುಡುಗಿ, "ಈಗ ಎಲ್ಲಾ ಒಂದೇ ಆಯ್ತು," ಅಂದಳು.

ಮುತ್ತುರಾಜ್ ತಾಯಿಗೆ ಬಿಡಿಸಿ ಹೇಳಿದರು. "ಕಣ್ಣಿನ ಮುಂದಿನ ಪಾರದರ್ಶಕ ಪೊರೆ ಚೆಂಡಿನ ಹಂಗೆ ಎಲ್ಲಾ ಕಡೆ ಒಂದೇ ಸಮ ಗುಂಡಗೆ ಇರ್ಬೇಕಮ್ಮ. ಇವಳದು ಒಂದು ದಿಕ್ಕಿಗೆ ಹೆಚ್ಚು ಬಾಗೈತೆ. ಅದ್ಕೇ ಒಂದು ದಿಕ್ಕಿನ ಗೆರೆ ಸ್ಪಷ್ಟ, ಇನ್ನೊಂದು ದಿಕ್ಕಿಂದು ಮಸುಕು. ಬಹಳ ಮಕ್ಕಳಿಗೆ ಸ್ವಲ್ಪ ಸ್ವಲ್ಪ ಇರ್ತೈತೆ, ಇವಳಿಗೆ ಜಾಸ್ತಿ. ಸಿಲಿಂಡರ್ ನಂಬರ್ ಅಂತ ಬರ್ತೈತೆ, ಆ ಬಾಗನ್ನ ಸರಿದೂಗಿಸೋ ಕನ್ನಡಕ, ಅದನ್ನ ಹಾಕಿದ್ರೆ ಸರಿಹೋಗ್ತೈತೆ."

"ಪೂರ್ತಿ ಸರಿ ಹೋಗ್ತೈತಾ ಸಾರ್?"

"ಚಿಕ್ಕೋಳಿದ್ದಾಗಲೇ ಹಾಕಿದ್ರೆ ಇನ್ನೂ ಚೆನ್ನಾಗಿತ್ತು. ಇಷ್ಟು ವರ್ಷ ಮಸುಕಾಗೇ ನೋಡಿ ರೂಢಿಯಾಗೈತೆ, ಸ್ವಲ್ಪ ಕೊರತೆ ಉಳಿಬಹುದು. ಆದ್ರೂ ಈಗಿನದಕ್ಕಿಂತ ಬಹಳ ಬೇರೆ ಇರ್ತೈತೆ. ದಿನಾ ಹಾಕ್ಕೋಬೇಕು, ಅಷ್ಟೇ."

ಕನ್ನಡಕ ಬಂದ ಮೇಲೆ ಎಲ್ಲ ತಟ್ಟನೆ ಸರಿಹೋಗಲಿಲ್ಲ. ಮೊದಲ ಕೆಲವು ದಿನ ನೆಲ ಇಳಿಜಾರಾಗಿ ಕಾಣುತ್ತದೆ, ಬಾಗಿಲು ವಾಲಿಕೊಂಡಿದೆ, ತಲೆ ನೋವು ಅಂತ ಸಂಘಮಿತ್ರಾ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಮುತ್ತುರಾಜ್ ಇದನ್ನೂ ಮುಂಚೆಯೇ ಹೇಳಿದ್ದರು. ಮೈಲಾರಿ ಅವಳನ್ನು ಶಾಲೆಯ ಮೆಟ್ಟಿಲ ಮೇಲೆ ಕೂರಿಸಿ, "ಗಂಟೆ ಹೊಡೆಯೋವರೆಗೆ ಮಾತ್ರ ಹಾಕ್ಕೊ," ಅನ್ನುತ್ತಿದ್ದರು. ಆ ಗಂಟೆ ಹೊಡೆದರೆ, "ಮುಂದಿನ ಗಂಟೆವರೆಗೆ," ಅನ್ನುತ್ತಿದ್ದರು. ಅಕ್ಷಿತಾ ಪಕ್ಕದಲ್ಲಿ ಕೂತು ಕಾವಲು. ಒಂದು ಮಧ್ಯಾಹ್ನ, ಊಟದ ತಟ್ಟೆ ಹಿಡಿದುಕೊಂಡು ಸಂಘಮಿತ್ರಾ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು ಅಂಗಳಕ್ಕೆ ಬಂದಳು. ಇಳಿದ ಮೇಲೆ ತಿರುಗಿ ಮೆಟ್ಟಿಲನ್ನೇ ನೋಡುತ್ತಾ ನಿಂತಳು.

"ಅಕ್ಷಿತಾ, ಇದಕ್ಕೆ ಇಷ್ಟು ಚೂಪಾದ ಅಂಚು ಮೊದಲಿಂದ್ಲೂ ಇತ್ತೇನೇ?"

ಅಕ್ಷಿತಾ ಮೆಟ್ಟಿಲನ್ನೊಮ್ಮೆ ನೋಡಿದಳು. "ಹೂಂ, ಇತ್ತು," ಅಂದಳು.

ಆಮೇಲೆ ಅಡಗಿದ ಆಕೃತಿಯ ಪಾಠ ಮತ್ತೆ ಮೊದಲಿನಿಂದ. ಗೆರೆಗಳೆಲ್ಲ ಕಾಣಲು ಶುರುವಾದ ಮೇಲೆ ಅವಳಿಗೆ ಬೇರೆ ತೊಂದರೆ: ಗೆರೆ ವಿಪರೀತ ಜಾಸ್ತಿ ಅನ್ನಿಸತೊಡಗಿತು. ಇಷ್ಟು ದಿನ ಅರ್ಧ ಚಿತ್ರ ನೋಡಿ ಅಭ್ಯಾಸ ಆಗಿದ್ದವಳಿಗೆ ಪೂರ್ತಿ ಚಿತ್ರ ನಿಭಾಯಿಸುವುದು ಕಲಿಯಬೇಕಿತ್ತು. ಮೇಷ್ಟ್ರು ಅವಳಿಗೋಸ್ಕರ ಹಗುರ ಪ್ರಶ್ನೆಗಳನ್ನು ಬರೆದರು. ಸಣ್ಣ ಚಿತ್ರದಿಂದ ದೊಡ್ಡದಕ್ಕೆ ನಿಧಾನವಾಗಿ ಕರೆದುಕೊಂಡು ಹೋದರು. ಆಕೃತಿಯಲ್ಲಿ ಯಾವ ದಿಕ್ಕಿನ ಗೆರೆ ಇದೆ ನೋಡು, ಆ ದಿಕ್ಕಿನ ಗೆರೆಯೇ ಗೋಜಲಿನಲ್ಲಿ ಇಲ್ಲ ಅಂದರೆ ಆ ಆಕೃತಿಯನ್ನು ತಕ್ಷಣ ಹೊಡೆದುಹಾಕು ಅಂತ ಹೇಳಿಕೊಟ್ಟರು. ಈ ಉಪಾಯ ಅವಳಿಗೆ ಚೆನ್ನಾಗಿ ಹಿಡಿಸಿತು. ಗೆರೆಯ ದಿಕ್ಕು ಅನ್ನುವುದು ಅವಳಿಗೆ ಬೇರೆಲ್ಲರಿಗಿಂತ ಚೆನ್ನಾಗಿ ಅರ್ಥವಾಗಿತ್ತು.

ಚಳಿಗಾಲದಲ್ಲಿ ಹೊನ್ನಾಳಿಯಲ್ಲಿ ಪರೀಕ್ಷೆ ಆಯಿತು. ಮೈಲಾರಿ ಗೇಟಿನ ಹೊರಗೆ ತಾಯಂದಿರ ಜೊತೆ ನಿಂತಿದ್ದರು. ಶಂಕ್ರಮ್ಮ ಎಲ್ಲ ಮಕ್ಕಳಿಗೂ ಆಗುವಷ್ಟು ಚಿತ್ರಾನ್ನ ಕಟ್ಟಿಕೊಟ್ಟಿದ್ದರು. ಹೊರಗೆ ಬಂದ ಸಂಘಮಿತ್ರಾ ಮೊದಲು ಹೇಳಿದ್ದು, "ಸಾರ್, ಅಡಗಿದ ಆಕೃತಿದು ಒಂದು ಬಿಟ್ಟು ಬಂದೆ. ಅದೊಂದು ಎಷ್ಟು ನೋಡಿದ್ರೂ ಸಿಗಲಿಲ್ಲ."

"ಉಳಿದವು?"

"ಉಳಿದವು ಸಿಕ್ಕವು."

ಫಲಿತಾಂಶ ಬಂದಾಗ ಅವಳ ಹೆಸರಿತ್ತು. ಅಕ್ಷಿತಾಳದ್ದು ಇರಲಿಲ್ಲ. ಇದನ್ನು ಯಾರೂ ಎಣಿಸಿರಲಿಲ್ಲ. ಚಿತ್ರದ ಪ್ರಶ್ನೆಗಳಲ್ಲಿ ಅಕ್ಷಿತಾಳೇ ಮುಂದಿದ್ದಳು, ಆದರೆ ಪಾಠದ ವಿಷಯಗಳ ಇನ್ನೊಂದು ಪತ್ರಿಕೆಯಲ್ಲಿ ವಿಜ್ಞಾನ ಕೈಕೊಟ್ಟಿತ್ತು. ಶಾಲೆಯಲ್ಲಿ ಸಿಹಿ ಹಂಚುತ್ತಿದ್ದಾಗ ಮೈಲಾರಿ ಅಕ್ಷಿತಾಳನ್ನು ಹುಡುಕಿಕೊಂಡು ಹೋದರು. ಅವಳು ಹಿಂದಿನ ವರಾಂಡದಲ್ಲಿ ಸಂಘಮಿತ್ರಾಳ ಜೊತೆಗೇ ಇದ್ದಳು. ಇಬ್ಬರೂ ಅತ್ತು ಮುಗಿಸಿದ್ದರು. ಸಂಘಮಿತ್ರಾ ಕನ್ನಡಕ ತೆಗೆದು ಲಂಗದ ಅಂಚಿನಿಂದ ಒರೆಸುತ್ತಿದ್ದಳು.

"ಅವಳು ನನ್ನ ಕೈ ಹಿಡ್ಕೊಂಡು ಇಳಿಸ್ತಿರಲಿಲ್ಲ ಅಂದಿದ್ರೆ ನಾನು ಯಾವಾಗಲೋ ಬಿದ್ದು ಕಾಲು ಮುರ್ಕೊಂತಿದ್ದೆ ಸಾರ್," ಅಂದಳು. ಮೇಷ್ಟ್ರು ಇಬ್ಬರ ನಡುವೆ ಕೂತರು. ಅಕ್ಷಿತಾಳೇ, "ಬಿಡ್ರಿ ಸಾರ್, ಹತ್ತನೇ ಕ್ಲಾಸು ಐತಲ್ಲ," ಅಂತ ಎದ್ದಳು.

ಆ ವರ್ಷದಿಂದ ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಕೂಡಲೇ ಮೈಲಾರಿ ಹೊಸದಾಗಿ ಸೇರಿದ ಮಕ್ಕಳ ಮುಂದೆ ಒಂದು ಹಾಳೆ ಹಿಡಿಯುತ್ತಾರೆ. ನಾಲ್ಕು ದಿಕ್ಕಿಗೂ ಗೆರೆ, ಎಲ್ಲ ಒಂದೇ ದಪ್ಪ. ಯಾವುದು ಕಪ್ಪು, ಯಾವುದು ಮಸುಕು ಅಂತ ಕೇಳುತ್ತಾರೆ. ಏನೂ ಅನುಮಾನ ಬಂದರೆ ಆಸ್ಪತ್ರೆಗೆ ಕಳಿಸುತ್ತಾರೆ. "ನಾನು ಡಾಕ್ಟ್ರಲ್ಲ, ತೋರಿಸ್ಕೊಂಡು ಬರ್ರಿ, ಅಷ್ಟೇ," ಅನ್ನುತ್ತಾರೆ. ಬಹುಪಾಲು ಮಕ್ಕಳಿಗೆ ಏನೂ ಇರುವುದಿಲ್ಲ. ಒಬ್ಬಿಬ್ಬರಿಗೆ ಕನ್ನಡಕ ಬಂದಿದೆ. ಸರ್ವಮಂಗಳಮ್ಮ ಈಗ ಡ್ರಾಯಿಂಗ್ ಪೀರಿಯಡ್ಡನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಸಂಘಮಿತ್ರಾ ಈಗ ಹತ್ತನೇ ಕ್ಲಾಸು. ಅವಳೂ ಅಕ್ಷಿತಾಳೂ ಸಂಜೆ ಹೊತ್ತು ಎಂಟನೇ ಕ್ಲಾಸಿನ ಮಕ್ಕಳಿಗೆ ಚಿತ್ರದ ಪ್ರಶ್ನೆ ಹೇಳಿಕೊಡಲು ಬರುತ್ತಾರೆ. ಮೊನ್ನೆ ಸಂಘಮಿತ್ರಾ ತಾನೇ ಒಂದು ಪ್ರಶ್ನೆ ಬರೆದು ಮೇಷ್ಟ್ರ ಮೇಜಿನ ಮೇಲೆ ಇಟ್ಟಳು. ಸ್ಕೇಲಿಟ್ಟು ಎಳೆದ, ಅಂದವಾದ ಗೆರೆಗಳು. ಒಂದೊಂದೇ ಆಕೃತಿಯ ಮೂಲೆ ಹಿಡಿದು ಗೆರೆಯ ಮೇಲೆ ನಡೆಯುತ್ತಾ ಮೈಲಾರಿ ಎರಡನ್ನು ಹೊಡೆದುಹಾಕಿದರು. ಉಳಿದ ಎರಡರಲ್ಲಿ ಯಾವುದು ಅಂತ ಗೊತ್ತಾಗದೆ ಹಾಳೆಯನ್ನು ಕಣ್ಣಿನ ಹತ್ತಿರ ತಂದರು.

"ಹೇಳಿಕೊಡ್ಲಾ ಸಾರ್?"

"ಬೇಡ, ತಡಿ."

ಎಂಟನೇ ಕ್ಲಾಸಿನ ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಹೊರಗೆ ಸಂಜೆಯ ಬಸ್ಸು ಬಂದು ಹಾರ್ನ್ ಹೊಡೆಯಿತು, ಆದರೂ ಯಾರೂ ಬ್ಯಾಗು ಎತ್ತಿಕೊಳ್ಳಲಿಲ್ಲ. ಕೊನೆಗೆ ಮೇಷ್ಟ್ರು ಪೆನ್ಸಿಲ್ ತುದಿಯನ್ನು ಚಿತ್ರದ ಕೆಳಮೂಲೆಗೆ ಇಟ್ಟು, ಉದ್ದಕ್ಕೆ ಹೋಗಿದ್ದ ಒಂದು ಗೆರೆಯ ನಡುವೆ ನಿಲ್ಲಿಸಿ, ಅಲ್ಲಿಂದ ಮೇಲಕ್ಕೆ ತಿರುಗಿಸಿದರು.

"ಇಲ್ಲೈತೆ. ಚೆನ್ನಾಗಿ ಅಡಗಿಸಿದ್ದೀಯ ಕಣವ್ವ," ಅಂತ ಹೇಳಿ, ಅದನ್ನು ಜೆರಾಕ್ಸ್ ಮಾಡಿಸಲು ತೆಗೆದಿಟ್ಟಿದ್ದ ಹಾಳೆಗಳ ಜೊತೆ ಸೇರಿಸಿದರು.